ದೊಡ್ಡ ಕಂಪನಿಗೆ ವೆಂಡರ್ ಆಗಬೇಕಾ? ಪರ್ಚೇಸ್‌ನವರು ಓದುವಂಥ ಅರ್ಜಿ ಬರೆಯುವುದು ಹೀಗೆ

ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಟರ್ನಿಂಗ್ ಶಾಪ್ ಇದೆ. ಮೂರು ಸಿಎನ್‌ಸಿ ಲೇತು, ಒಂದು ವಿಎಂಸಿ, ನನ್ನನ್ನೂ ಸೇರಿಸಿ ಹನ್ನೆರಡು ಜನ. ಪಿನ್, ಬುಷ್, ಸ್ಪೇಸರ್, ಸಣ್ಣ ಶಾಫ್ಟ್ ಮಾಡುತ್ತೇವೆ. ಮೊದಲು ಬೇರೆ ವೆಂಡರ್‌ಗಳ ಹತ್ತಿರ ಜಾಬ್ ವರ್ಕ್ ತಗೊಂಡು ಮಾಡುತ್ತಿದ್ದೆವು. ನೇರವಾಗಿ ದೊಡ್ಡ ಕಂಪನಿಗೆ ಸಪ್ಲೈ ಮಾಡೋಣ ಅಂತ ಹೊರಟಾಗ ನಾನು ಮಾಡಿದ ಮೊದಲ ಕೆಲಸ ಬಣ್ಣಬಣ್ಣದ ಹದಿನಾರು ಪುಟದ ಬ್ರೋಷರ್ ಮಾಡಿಸಿ, ಸಿಕ್ಕ ಸಿಕ್ಕ ಪರ್ಚೇಸ್ ವಿಳಾಸಕ್ಕೆಲ್ಲ ಒಂದೇ ಮೇಲ್ ಕಳಿಸಿದ್ದು. ಒಂದಕ್ಕೂ ಉತ್ತರ ಬರಲಿಲ್ಲ.

ಆಮೇಲೆ ಒಬ್ಬ ಪರ್ಚೇಸ್ ಮ್ಯಾನೇಜರ್ ಜೊತೆ ಟೀ ಕುಡಿಯುವಾಗ ಕಾರಣ ಗೊತ್ತಾಯಿತು. "ನಿಮ್ಮ ಬ್ರೋಷರ್ ತೆರೆದು ನೋಡಿದೆ ಸ್ವಾಮಿ, ನೀವು ಏನು ಮಾಡ್ತೀರಿ ಅಂತ ಗೊತ್ತಾಗಲಿಲ್ಲ, ಎಲ್ಲಾ ಮಾಡ್ತೀವಿ ಅಂತ ಬರೆದಿದ್ರಿ" ಅಂದರು. ಈ ಲೇಖನ ಆ ಒಂದು ಮಾತಿನಿಂದ ಹುಟ್ಟಿದ್ದು. ಮೆಷಿನಿಂಗ್ ಕೆಲಸವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಹೇಳುತ್ತೇನೆ. ನಿಮ್ಮದು ಪ್ಯಾಕಿಂಗ್ ಬಾಕ್ಸೋ, ಕೇಬಲ್ ಹಾರ್ನೆಸ್ಸೋ ಆದರೆ ಅಳತೆಗಳು ಬೇರೆ ಆಗುತ್ತವೆ, ದಾರಿ ಇದೇ.

ನಿಮ್ಮ ಅರ್ಜಿ ಮೂರು ಮೇಜು ದಾಟಬೇಕು

ಮೊದಲ ಮೇಜು ಪರ್ಚೇಸ್ ಅಥವಾ ಸೋರ್ಸಿಂಗ್. ಅವರಿಗೆ ಬೇಕಾಗಿರುವುದು ಒಂದೇ: ಈ ಮನುಷ್ಯ ನಾನು ಕೊಳ್ಳುವ ವಸ್ತು ಮಾಡುತ್ತಾನಾ, ನನಗೆ ಈಗ ಇನ್ನೊಬ್ಬ ವೆಂಡರ್ ಬೇಕಾ? ಎರಡನೆಯದು ಕ್ವಾಲಿಟಿ. ಅವರು ಸರ್ಟಿಫಿಕೇಟ್ ಮತ್ತು ಅಳತೆಯ ಉಪಕರಣ ನೋಡುತ್ತಾರೆ, ಆಮೇಲೆ ಶಾಪ್‌ಗೇ ಬರುತ್ತಾರೆ. ಮೂರನೆಯದು ಫೈನಾನ್ಸ್. ಅವರು ನಿಮ್ಮ ಮುಖವನ್ನೇ ನೋಡುವುದಿಲ್ಲ, ಕಾಗದದಲ್ಲಿರುವ ಹೆಸರು ಮತ್ತು ನಂಬರ್ ತಾಳೆ ಆಗುತ್ತದಾ ಅಂತ ಮಾತ್ರ ನೋಡುತ್ತಾರೆ. ಕಂಪನಿ ನಿಮಗೆ ಕೊಡುವ ನಂಬರ್, ಅಂದರೆ ವೆಂಡರ್ ಕೋಡ್, ಸಿಸ್ಟಮ್‌ನಲ್ಲಿ ಹುಟ್ಟಬೇಕಾದರೆ ಮೂರು ಕಡೆಯೂ ಹೂಂ ಅನ್ನಬೇಕು.

ಒಂದು ವಿಷಯ ತಲೆಯಲ್ಲಿ ಇರಲಿ. ಹೊಸ ಕೋಡ್ ತೆರೆಯುವುದು ಅಂದರೆ ಬಯರ್‌ಗೆ ಕೆಲಸ ಜಾಸ್ತಿ. ಬಹಳ ಕಂಪನಿಗಳು ವೆಂಡರ್ ಸಂಖ್ಯೆ ಕಡಿಮೆ ಮಾಡುವುದಕ್ಕೇ ನೋಡುತ್ತಿರುತ್ತವೆ. ಅವರು ಹೊಸಬರನ್ನು ಹುಡುಕುವುದು ಇಂಥ ಹೊತ್ತಿನಲ್ಲಿ: ಒಂದು ಪಾರ್ಟ್‌ಗೆ ಒಬ್ಬನೇ ವೆಂಡರ್ ಇದ್ದಾನೆ, ಅವನು ಲೇಟ್ ಮಾಡುತ್ತಿದ್ದಾನೆ, ಹೊಸ ಮಾಡೆಲ್ ಬರುತ್ತಿದೆ, ಹೊರದೇಶದಿಂದ ತರಿಸುತ್ತಿದ್ದ ಪಾರ್ಟನ್ನು ಇಲ್ಲೇ ಮಾಡಿಸಬೇಕಾಗಿದೆ. ಹಾಗಾಗಿ "ನಮ್ಮನ್ನು ನೋಂದಾಯಿಸಿಕೊಳ್ಳಿ" ಅಂತ ಕೇಳಿದರೆ ಸಾಲದು. "ಇಂಥ ವಸ್ತುವಿಗೆ ನೋಂದಾಯಿಸಿಕೊಳ್ಳಿ" ಅಂತ ಕೇಳಬೇಕು. ಕಂಪನಿಯೊಳಗೆ ಇದಕ್ಕೆ ಕಮಾಡಿಟಿ ಅನ್ನುತ್ತಾರೆ: ಕಾಸ್ಟಿಂಗ್, ಫೋರ್ಜಿಂಗ್, ಶೀಟ್ ಮೆಟಲ್, ಮೆಷಿನ್ಡ್ ಪಾರ್ಟ್ಸ್, ಫಾಸ್ಟನರ್, ಹೀಗೆ. ಒಂದೊಂದು ಕಮಾಡಿಟಿಗೆ ಒಬ್ಬೊಬ್ಬ ಬಯರ್ ಇರುತ್ತಾರೆ. ನಿಮ್ಮ ಮೇಲ್ ಬಂದ ಕೂಡಲೇ ಅದು ಯಾರ ಮೇಜಿಗೆ ಹೋಗಬೇಕು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲು ಕಂಪನಿಯ ವೆಬ್‌ಸೈಟ್‌ನಲ್ಲಿ ಸಪ್ಲೈಯರ್ ಪುಟ ಇದೆಯಾ ನೋಡಿ. ಇದ್ದರೆ ಅಲ್ಲೇ ಪೋರ್ಟಲ್‌ನಲ್ಲಿ ಅರ್ಜಿ ತುಂಬಿ, ಬಂದ ರೆಫರೆನ್ಸ್ ನಂಬರ್ ಹಾಕಿ ಆಮೇಲೆ ಬಯರ್‌ಗೆ ಮೇಲ್ ಮಾಡಿ. ಪೋರ್ಟಲ್ ಬಿಟ್ಟು ಬರೀ ಮೇಲ್ ಮಾಡಿದರೆ "ಪೋರ್ಟಲ್‌ನಲ್ಲಿ ಹಾಕಿ" ಅನ್ನುತ್ತಾರೆ. ಬರೀ ಪೋರ್ಟಲ್‌ನಲ್ಲಿ ಹಾಕಿ ಸುಮ್ನೆ ಕೂತರೆ ಅದನ್ನು ತೆರೆದು ನೋಡುವವರೇ ಇಲ್ಲದೆ ಹೋಗಬಹುದು. ಎರಡೂ ಮಾಡಿ.

ಮೊದಲು ಕಾಗದಗಳ ಹೆಸರು ತಾಳೆ ಮಾಡಿ

ಪತ್ರ ಬರೆಯುವ ಮುಂಚೆ ಈ ಕೆಲಸ. ಪ್ಯಾನ್, ಜಿಎಸ್‌ಟಿ ನೋಂದಣಿ ಪತ್ರ, ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರಕಾರ ಕೊಡುವ ಉದ್ಯಮ್ ಪತ್ರ, ಐಎಸ್‌ಒ ಸರ್ಟಿಫಿಕೇಟ್, ಕ್ಯಾನ್ಸಲ್ ಮಾಡಿದ ಚೆಕ್, ಐದನ್ನೂ ಮೇಜಿನ ಮೇಲೆ ಒಂದರ ಪಕ್ಕ ಒಂದು ಇಡಿ. ಪೆನ್ಸಿಲ್ ತಗೊಂಡು ಹೆಸರಿನ ಕೆಳಗೆ, ವಿಳಾಸದ ಕೆಳಗೆ ಗೆರೆ ಎಳೆಯಿರಿ. ಸ್ಪೆಲಿಂಗ್‌ನಲ್ಲಿ ಒಂದಕ್ಷರ ಬೇರೆ ಇದ್ದರೂ ಬರೆದಿಟ್ಟುಕೊಳ್ಳಿ.

ನಮ್ಮಂಥ ಪ್ರೊಪ್ರೈಟರ್‌ಶಿಪ್‌ನಲ್ಲಿ ಒಂದು ಗೊಂದಲ ಹುಟ್ಟಿನಿಂದಲೇ ಇರುತ್ತದೆ. ಪ್ಯಾನ್ ಇರುವುದು ಮಾಲೀಕನ ಹೆಸರಲ್ಲಿ. ಜಿಎಸ್‌ಟಿಯಲ್ಲಿ ಲೀಗಲ್ ನೇಮ್ ಅಂತ ಬರುವುದೂ ಮಾಲೀಕನ ಹೆಸರೇ, ಟ್ರೇಡ್ ನೇಮ್ ಮಾತ್ರ ಶಾಪ್‌ನದ್ದು. ಬ್ಯಾಂಕಿನ ಕರೆಂಟ್ ಅಕೌಂಟ್ ಶಾಪ್ ಹೆಸರಲ್ಲಿ ಇರುತ್ತದೆ. ಫೈನಾನ್ಸ್ ಮೇಜಿನಲ್ಲಿ ಕೂತ ಹುಡುಗ ಪ್ಯಾನ್‌ನಲ್ಲಿ ಒಂದು ಹೆಸರು, ಚೆಕ್‌ನಲ್ಲಿ ಇನ್ನೊಂದು ಹೆಸರು ನೋಡಿ ಅರ್ಜಿಯನ್ನು ವಾಪಸ್ ಕಳಿಸುತ್ತಾನೆ. ಅವನ ತಪ್ಪಲ್ಲ. ಪರಿಹಾರ ಸುಲಭ: ಎರಡೂ ಹೆಸರು ಇರುವ ಜಿಎಸ್‌ಟಿ ನೋಂದಣಿ ಪತ್ರವನ್ನು ಪ್ಯಾನ್ ಮತ್ತು ಚೆಕ್ ಮಧ್ಯೆ ಇಡಿ, ಜೊತೆಗೆ ಬ್ಯಾಂಕಿನಿಂದ ಒಂದು ಪತ್ರ ತಗೊಳ್ಳಿ. ಇಂಥ ಶಾಪ್‌ನ ಈ ಅಕೌಂಟ್‌ಗೆ ಇಂಥವರೇ ಪ್ರೊಪ್ರೈಟರ್, ಅವರ ಪ್ಯಾನ್ ಇದು, ಐಎಫ್‌ಎಸ್‌ಸಿ ಇದು ಅಂತ ಅದರಲ್ಲಿ ಇರಲಿ. ಚೆಕ್ ಹಾಳೆಯ ಮೇಲೆ ಹೆಸರು ಪ್ರಿಂಟ್ ಆಗಿರಬೇಕು. ಹೆಸರಿಲ್ಲದ ಚೆಕ್ ಕಳಿಸಿದರೆ ಅದೂ ವಾಪಸ್.

ಜಿಎಸ್‌ಟಿ ನಂಬರ್ ಟೈಪ್ ಮಾಡುವಾಗ ತಪ್ಪಾಯಿತಾ ಅಂತ ನೋಡುವ ಸುಲಭ ದಾರಿ ಇದೆ. ಹದಿನೈದು ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ ಸಂಖ್ಯೆ, ಕರ್ನಾಟಕಕ್ಕೆ 29. ನಂತರದ ಹತ್ತು ನಿಮ್ಮ ಪ್ಯಾನ್. ಆ ಹತ್ತು ಪ್ಯಾನ್ ಜೊತೆ ಸರಿಹೋದರೆ ಮುಕ್ಕಾಲು ಪಾಲು ಸರಿ. `gst.gov.in` ನಲ್ಲಿ ನಿಮ್ಮ ನಂಬರ್ ನೀವೇ ಒಮ್ಮೆ ಹುಡುಕಿ ನೋಡಿ, ಏಕೆಂದರೆ ಅವರೂ ಹುಡುಕುತ್ತಾರೆ. ಸ್ಟೇಟಸ್ ಆಕ್ಟಿವ್ ಇದೆಯಾ, ರಿಟರ್ನ್ ಫೈಲ್ ಆದ ದಿನಾಂಕಗಳು ಸರಿಯಾಗಿ ಇವೆಯಾ ಅಂತ ಅಲ್ಲಿ ಎಲ್ಲರಿಗೂ ಕಾಣುತ್ತದೆ. ಲೇಟಾಗಿ ಫೈಲ್ ಮಾಡುವವನ ಬಿಲ್‌ಗೆ ಅವರು ಕೊಟ್ಟ ಜಿಎಸ್‌ಟಿಯ ಇನ್‌ಪುಟ್ ಕ್ರೆಡಿಟ್ ಅವರಿಗೆ ಸಿಕ್ಕಿಹಾಕಿಕೊಳ್ಳುತ್ತದೆ, ಅದಕ್ಕೇ ಈ ಕಾಳಜಿ.

ನಮಗೆ ಏಟು ಬಿದ್ದಿದ್ದು ವಿಳಾಸದಲ್ಲಿ. ಶೆಡ್ ಬದಲಾಯಿಸಿದ್ದೆವು, ಎರಡು ರಸ್ತೆ ಆಚೆಗೆ ಅಷ್ಟೇ. ಜಿಎಸ್‌ಟಿಯಲ್ಲಿ ಹೊಸ ವಿಳಾಸ ಆಗಿತ್ತು, ಐಎಸ್‌ಒ ಸರ್ಟಿಫಿಕೇಟ್‌ನಲ್ಲಿ ಹಳೇದೇ ಇತ್ತು. "ಈ ಸರ್ಟಿಫಿಕೇಟ್ ಆ ಶೆಡ್‌ನದ್ದು, ಈ ಶೆಡ್‌ಗೆ ಅಲ್ಲ" ಅಂದರು. ವಾದ ಮಾಡಲು ಏನೂ ಉಳಿದಿರಲಿಲ್ಲ, ಐಎಸ್‌ಒ ಕೊಡುವುದೇ ಜಾಗವನ್ನು ನೋಡಿ. ತಿದ್ದಿಸಿಕೊಂಡು ಮತ್ತೆ ಹಾಕುವಷ್ಟರಲ್ಲಿ ಎರಡು ತಿಂಗಳು ಹೋಯಿತು.

ಸರ್ಟಿಫಿಕೇಟ್‌ಗಳು: ಯಾವುದು ಲೆಕ್ಕಕ್ಕೆ ಬರುತ್ತದೆ

ಐಎಸ್‌ಒ 9001:2015 ಅನ್ನು ಹೆಚ್ಚುಕಡಿಮೆ ಎಲ್ಲರೂ ಕೇಳುತ್ತಾರೆ. ವಾಹನದ ಪಾರ್ಟ್ಸ್ ಆದರೆ ಐಎಟಿಎಫ್ 16949, ವಿಮಾನದ್ದಾದರೆ ಎಎಸ್ 9100. ಇವೆರಡು ನಿಮ್ಮ ಹತ್ತಿರ ಇಲ್ಲದಿದ್ದರೆ ಇಲ್ಲ ಅಂತ ಬರೆಯಿರಿ. "ಅಪ್ಲೈ ಮಾಡಿದ್ದೇವೆ" ಅಂತ ಬರೆದರೆ ಆಡಿಟ್ ದಿನಾಂಕ ಯಾವಾಗ ಅಂತ ಕೇಳುತ್ತಾರೆ, ಆಗ ಬಾಯಿ ಒಣಗುತ್ತದೆ.

ಐಎಸ್‌ಒ ವಿಷಯದಲ್ಲಿ ನಾನು ಮಾಡಿದ ದಡ್ಡತನ ಹೇಳಿಬಿಡುತ್ತೇನೆ. ಮೊದಲ ಸಲ ಒಬ್ಬ ಏಜೆಂಟ್ ಮೂಲಕ ಒಂದೇ ವಾರದಲ್ಲಿ ಸರ್ಟಿಫಿಕೇಟ್ ಮಾಡಿಸಿದೆ. ಯಾರೂ ಶಾಪ್‌ಗೆ ಬರಲಿಲ್ಲ, ಒಂದು ಪ್ರಶ್ನೆ ಕೇಳಲಿಲ್ಲ, ಚಿನ್ನದ ಬಣ್ಣದ ಅಂಚಿನ ಹಾಳೆ ಕೊರಿಯರ್‌ನಲ್ಲಿ ಬಂತು. ಅದನ್ನು ಫ್ರೇಮ್ ಹಾಕಿಸಿ ಗೋಡೆಗೆ ಹಾಕಿದ್ದೆ. ಒಂದು ಕಂಪನಿಯ ಕ್ವಾಲಿಟಿಯವರು ಅದರ ಮೇಲೆ ಅಕ್ರೆಡಿಟೇಶನ್ ಗುರುತು ಎಲ್ಲಿ ಅಂತ ಕೇಳಿದರು. ಹಾಗೆಂದರೆ ಏನು ಅಂತಲೇ ನನಗೆ ಗೊತ್ತಿರಲಿಲ್ಲ. ಸರ್ಟಿಫಿಕೇಟ್ ಕೊಡುವ ಸಂಸ್ಥೆಗೇ ಇನ್ನೊಂದು ಮಾನ್ಯತೆ ಇರಬೇಕು. ಭಾರತದಲ್ಲಿ ಆ ಮಾನ್ಯತೆ ಕೊಡುವುದು ಎನ್‌ಎಬಿಸಿಬಿ. ಬೇರೆ ದೇಶಗಳಲ್ಲೂ ಇಂಥವು ಇವೆ. ಆ ಗುರುತು ಹಾಳೆಯ ಮೇಲೆ ಇರುತ್ತದೆ. `iafcertsearch.org` ನಲ್ಲಿ ನಿಮ್ಮ ಸರ್ಟಿಫಿಕೇಟ್ ಸಿಗುತ್ತದಾ ಅಂತ ಕಳಿಸುವ ಮುಂಚೆ ನೀವೇ ನೋಡಿಕೊಳ್ಳಿ.

ಇನ್ನು ಎರಡು ಸಾಲು ಓದಿ ನೋಡಬೇಕು. ಒಂದು ಸ್ಕೋಪ್, ಅಂದರೆ ಯಾವ ಕೆಲಸಕ್ಕೆ ಸರ್ಟಿಫಿಕೇಟ್ ಕೊಟ್ಟಿದ್ದಾರೆ ಅನ್ನುವ ಸಾಲು. ಅಲ್ಲಿ "ಟ್ರೇಡಿಂಗ್" ಅಂತ ಇದ್ದು ನೀವು ತಯಾರಕರು ಅಂತ ಅರ್ಜಿ ಹಾಕಿದರೆ ಸಿಕ್ಕಿಬೀಳುತ್ತೀರಿ. ಇನ್ನೊಂದು ದಿನಾಂಕ. ಸರ್ಟಿಫಿಕೇಟ್ ಅವಧಿ ಮೂರು ವರ್ಷ, ಆದರೆ ವರ್ಷಕ್ಕೊಮ್ಮೆ ಸರ್ವೇಲೆನ್ಸ್ ಆಡಿಟ್ ಆಗಬೇಕು. ಅದು ತಪ್ಪಿದ್ದರೆ ಹಾಳೆಯ ಮೇಲೆ ಅವಧಿ ಇದ್ದರೂ ಸರ್ಟಿಫಿಕೇಟ್ ಸಸ್ಪೆಂಡ್ ಆಗಿರಬಹುದು.

ಉದ್ಯಮ್ ನೋಂದಣಿ ಪತ್ರದ ಕಥೆ ಬೇರೆ. 2020ರ ಜುಲೈ 1ರಿಂದ ಬಂದಿರುವ ಇದು ಆನ್‌ಲೈನ್‌ನಲ್ಲಿ ಉಚಿತ, ಇದಕ್ಕೆ ಯಾರಿಗೂ ದುಡ್ಡು ಕೊಡಬೇಡಿ. 2025ರ ಏಪ್ರಿಲ್ 1ರಿಂದ ಮಿತಿ ಏರಿದೆ: ಯಂತ್ರಗಳ ಹೂಡಿಕೆ 2.5 ಕೋಟಿ ಮತ್ತು ವಹಿವಾಟು 10 ಕೋಟಿವರೆಗೆ ಇದ್ದರೆ ಮೈಕ್ರೋ. ವರ್ಷಕ್ಕೆ ಒಂದೂವರೆ ಕೋಟಿ ಆಸುಪಾಸಿನ ನಮ್ಮಂಥ ಶಾಪ್ ಆರಾಮಾಗಿ ಮೈಕ್ರೋ. ಇದನ್ನು ಮೊದಲ ಪತ್ರದಲ್ಲೇ ಬರೆಯಬೇಕು ಅನ್ನುವುದು ನನ್ನ ಅಭಿಪ್ರಾಯ. ಏಕೆಂದರೆ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಮೈಕ್ರೋ ಮತ್ತು ಸ್ಮಾಲ್ ಘಟಕಗಳಿಗೆ ಒಪ್ಪಂದ ಇದ್ದರೂ 45 ದಿನ ಮೀರಿ ಹಣ ತಡ ಮಾಡುವಂತಿಲ್ಲ, ಒಪ್ಪಂದವೇ ಇಲ್ಲದಿದ್ದರೆ 15 ದಿನ. ನೋಂದಣಿ ಫಾರ್ಮ್‌ನಲ್ಲಿ ಪೇಮೆಂಟ್ 90 ದಿನ ಅಂತ ಮೊದಲೇ ಪ್ರಿಂಟ್ ಆಗಿರುತ್ತದೆ, ನೀವು ಉದ್ಯಮ್ ನಂಬರ್ ಕೊಟ್ಟಿದ್ದರೆ ಅದನ್ನು ತಿದ್ದಿಸಲು ಒಂದು ಆಧಾರ ಸಿಗುತ್ತದೆ. ಇದೇ ಕಾರಣಕ್ಕೆ ಒಬ್ಬಿಬ್ಬರು ಬಯರ್‌ಗಳು ಮುಖ ಸಿಂಡರಿಸುವುದೂ ಉಂಟು. ಸಿಂಡರಿಸಲಿ. ಸರಕಾರಿ ಕಂಪನಿ ಆದರೆ ಲೆಕ್ಕವೇ ಉಲ್ಟಾ, ಕೇಂದ್ರದ ಸಾರ್ವಜನಿಕ ಉದ್ದಿಮೆಗಳು ವರ್ಷದ ಖರೀದಿಯಲ್ಲಿ ಶೇ 25ರಷ್ಟನ್ನು ಮೈಕ್ರೋ ಮತ್ತು ಸ್ಮಾಲ್ ಘಟಕಗಳಿಂದ ಕೊಳ್ಳಬೇಕು ಅನ್ನುವ ನೀತಿ ಇದೆ, ಅಲ್ಲಿ ಉದ್ಯಮ್ ಪತ್ರ ನಿಮ್ಮ ಪರವಾಗಿಯೇ ಮಾತಾಡುತ್ತದೆ.

ಪಿಎಫ್, ಇಎಸ್‌ಐ ನಂಬರ್ ಕೇಳುವ ಜಾಗ ಫಾರ್ಮ್‌ನಲ್ಲಿ ಇದ್ದೇ ಇರುತ್ತದೆ. ಹತ್ತು ಜನ ಅಥವಾ ಹೆಚ್ಚು ಇದ್ದರೆ ಇಎಸ್‌ಐ ಬೇಕು, ಪಿಎಫ್‌ಗೆ ಇಪ್ಪತ್ತು ಜನ. ನಿಮಗೆ ಅನ್ವಯಿಸದಿದ್ದರೆ ಆ ಜಾಗ ಖಾಲಿ ಬಿಡಬೇಡಿ. ಲೆಟರ್‌ಹೆಡ್ ಮೇಲೆ "ನಮ್ಮಲ್ಲಿ ಇಷ್ಟು ಜನ ಇದ್ದಾರೆ, ಆದ್ದರಿಂದ ಅನ್ವಯಿಸುವುದಿಲ್ಲ" ಅಂತ ಸಹಿ ಹಾಕಿ ಕೊಡಿ. ಖಾಲಿ ಜಾಗ ಕಂಡರೆ ಫಾರ್ಮ್ ಅಪೂರ್ಣ ಅಂತ ಬದಿಗಿಡುತ್ತಾರೆ. ವಹಿವಾಟಿಗೆ ಸಿಎ ಕೊಡುವ ಪತ್ರದಲ್ಲಿ ಯುಡಿಐಎನ್ ಅನ್ನುವ 18 ಅಂಕಿಯ ನಂಬರ್ ಇದೆಯಾ ನೋಡಿ, ಇಲ್ಲದಿದ್ದರೆ ಅದನ್ನು ಯಾರೂ ಒಪ್ಪುವುದಿಲ್ಲ.

ಕಂಪನಿ ಪ್ರೊಫೈಲ್: ಎರಡು ಪುಟ ಸಾಕು

ಸಂಸ್ಥಾಪಕರ ಕನಸು, ವಿಷನ್, ಮಿಷನ್, ಕೈಕುಲುಕುವ ಫೋಟೋ, ಇವೆಲ್ಲ ತೆಗೆದುಬಿಡಿ. ಮೊದಲ ಪುಟದಲ್ಲಿ ಯಾವಾಗ ಶುರುವಾಯಿತು, ಮಾಲೀಕತ್ವ ಎಂಥದ್ದು, ಶೆಡ್ ಎಷ್ಟು ಚದರಡಿ, ಸ್ವಂತದ್ದಾ ಬಾಡಿಗೆಯಾ, ಎಷ್ಟು ಜನ, ಕರೆಂಟ್ ಎಷ್ಟು ಎಚ್‌ಪಿ, ಜನರೇಟರ್ ಇದೆಯಾ, ಮೂರು ವರ್ಷದ ವಹಿವಾಟು ಎಷ್ಟು. ಈಗಿನ ಗಿರಾಕಿಗಳು ಯಾರು ಅನ್ನುವುದನ್ನು ಹೇಳಬಹುದು, ಅವರ ಒಪ್ಪಿಗೆ ಇದ್ದರೆ ಮಾತ್ರ. ಅವರ ಡ್ರಾಯಿಂಗ್ ಆಗಲಿ, ಪಾರ್ಟ್ ನಂಬರ್ ಕಾಣುವ ಫೋಟೋ ಆಗಲಿ ಹಾಕಲೇಬೇಡಿ. ಇವತ್ತು ಅವರ ಗುಟ್ಟು ನಮಗೆ ತೋರಿಸಿದವನು ನಾಳೆ ನಮ್ಮದನ್ನು ಇನ್ನೊಬ್ಬರಿಗೆ ತೋರಿಸುತ್ತಾನೆ ಅಂತ ಬಯರ್ ಅಂದುಕೊಳ್ಳುತ್ತಾರೆ, ಅದು ಸರಿಯೂ ಹೌದು.

ಎರಡನೇ ಪುಟ ಯಂತ್ರಗಳ ಪಟ್ಟಿ. ಬರೀ "ಸಿಎನ್‌ಸಿ ಲೇತು – 3" ಅಂತ ಬರೆದರೆ ಪ್ರಯೋಜನ ಇಲ್ಲ. ಯಾವ ಮೇಕ್, ಯಾವ ವರ್ಷದ್ದು, ಚಕ್ ಎಷ್ಟು ದೊಡ್ಡದು, ಗರಿಷ್ಠ ಎಷ್ಟು ವ್ಯಾಸ, ಎಷ್ಟು ಉದ್ದ ತಿರುಗಿಸಬಹುದು, ಇಷ್ಟು ಬೇಕು. ಅದರ ಕೆಳಗೆ ಅಳತೆಯ ಉಪಕರಣಗಳು: ಮೈಕ್ರೋಮೀಟರ್ ಯಾವ ರೇಂಜ್, ಬೋರ್ ಗೇಜ್, ಹೈಟ್ ಗೇಜ್, ಸರ್ಫೇಸ್ ಟೆಸ್ಟರ್. ಪ್ರತಿಯೊಂದರ ಮುಂದೆ ಕ್ಯಾಲಿಬ್ರೇಶನ್ ದಿನಾಂಕ, ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬ್‌ನದ್ದು. ಅಳತೆ ಮಾಡುವ ಸಿಎಂಎಂ ಯಂತ್ರ ಇಲ್ಲದಿದ್ದರೆ "ಹೊರಗಿನ ಲ್ಯಾಬ್‌ನಲ್ಲಿ ಮಾಡಿಸುತ್ತೇವೆ" ಅಂತ ಬರೆಯಿರಿ, ಅದು ತಪ್ಪೇನಲ್ಲ.

ಇದರ ಜೊತೆಗೆ ಹೆಚ್ಚಿನವರು ಬರೆಯದ, ಬಯರ್ ಮಾತ್ರ ಮೊದಲು ಹುಡುಕುವ ಒಂದು ಅಂಕಿ ಇದೆ. ನಿಮ್ಮಲ್ಲಿ ಖಾಲಿ ಇರುವ ಮೆಷಿನ್ ಗಂಟೆ. ನಾವು ಹಾಕಿದ ಲೆಕ್ಕ ತೋರಿಸುತ್ತೇನೆ.

ಮೂರು ಲೇತು, ಎರಡು ಶಿಫ್ಟ್, ಶಿಫ್ಟ್‌ಗೆ 8 ಗಂಟೆ, ತಿಂಗಳಿಗೆ 25 ದಿನ. ಗುಣಿಸಿದರೆ 1,200 ಗಂಟೆ. ಸೆಟ್ಟಿಂಗ್, ಟೂಲ್ ಬದಲಾವಣೆ, ಕರೆಂಟ್ ಹೋಗುವುದು, ಆಪರೇಟರ್ ರಜೆ, ಇವಕ್ಕೆಲ್ಲ ಕಾಲು ಭಾಗ ತೆಗೆದರೆ 900 ಉಳಿಯಿತು. ಈಗಿನ ಗಿರಾಕಿಗಳ ಕೆಲಸಕ್ಕೆ 600 ಹೋಗುತ್ತದೆ. ಖಾಲಿ ಇರುವುದು 300 ಗಂಟೆ. ಒಂದು ಪಿನ್‌ಗೆ ನಾಲ್ಕೂವರೆ ನಿಮಿಷ ಸೈಕಲ್ ಟೈಮ್ ಅಂದರೆ ತಿಂಗಳಿಗೆ 4,000 ಪಿನ್ ಕೊಡಬಹುದು. "ಸಾಕಷ್ಟು ಸಾಮರ್ಥ್ಯ ಇದೆ" ಅಂತ ಬರೆಯುವುದಕ್ಕೂ "ತಿಂಗಳಿಗೆ 300 ಲೇತು ಗಂಟೆ ಖಾಲಿ ಇದೆ" ಅಂತ ಬರೆಯುವುದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಎರಡನೆಯದನ್ನು ಓದಿದ ಬಯರ್ ತನ್ನ ಪಾರ್ಟ್ ಹಾಕಿ ಲೆಕ್ಕ ಮಾಡಬಹುದು. ಆ ಅಂಕಿಯನ್ನು ಉಬ್ಬಿಸಬೇಡಿ, ಮುಂದೆ ಆಡಿಟ್‌ಗೆ ಬಂದವರು ಪ್ರೊಡಕ್ಷನ್ ರಿಜಿಸ್ಟರ್ ತೆಗೆಸಿ ನೋಡುತ್ತಾರೆ.

ಏನು ಮಾಡುತ್ತೀರಿ, ಏನು ಮಾಡುವುದಿಲ್ಲ

ಉತ್ಪನ್ನಗಳ ಪಟ್ಟಿ ಅಂದ ಕೂಡಲೇ ಜನ ನೂರು ಹೆಸರು ಬರೆಯುತ್ತಾರೆ. ನಾನೂ ಹಾಗೇ ಬರೆದಿದ್ದೆ. ಈಗ ಮೂರೇ ಸಾಲು ಇದೆ, ಹೀಗೆ:

> ಪಿನ್ ಮತ್ತು ಸಣ್ಣ ಶಾಫ್ಟ್: ವ್ಯಾಸ 12ರಿಂದ 60 ಮಿಮೀ, ಉದ್ದ 300 ಮಿಮೀವರೆಗೆ. ಇಎನ್8, ಇಎನ್19. ಟರ್ನಿಂಗ್‌ನಲ್ಲಿ ವ್ಯಾಸ ±0.02 ಮಿಮೀ. ಇಂಡಕ್ಷನ್ ಹಾರ್ಡನಿಂಗ್ ಮತ್ತು ಗ್ರೈಂಡಿಂಗ್ ಹೊರಗೆ.
> ಬುಷ್: ಹೊರ ವ್ಯಾಸ 80 ಮಿಮೀವರೆಗೆ. ಇಎನ್8, ಗನ್‌ಮೆಟಲ್, ಹಿತ್ತಾಳೆ. ಬೋರ್ ಎಚ್7.
> ಸ್ಪೇಸರ್ ಮತ್ತು ಕಾಲರ್: ಹೊರ ವ್ಯಾಸ 100 ಮಿಮೀವರೆಗೆ. ಎಂಎಸ್, ಎಸ್‌ಎಸ್304. ಪ್ಲೇಟಿಂಗ್ ಹೊರಗೆ.

ಪ್ರತಿ ಸಾಲಿನ ಪಕ್ಕ ಎಚ್‌ಎಸ್‌ಎನ್ ಕೋಡ್ ಹಾಕಿ, ನೀವು ಬಿಲ್‌ನಲ್ಲಿ ಹಾಕುವುದೇ ಇರಲಿ. "ಹೊರಗೆ" ಅಂತ ಯಾಕೆ ಬರೆದೆ ಅಂತ ಕೇಳಬಹುದು. ಪಿನ್‌ಗೆ ಹಾರ್ಡನಿಂಗ್ ಆಗಲೇಬೇಕು, ನಮ್ಮಲ್ಲಿ ಆ ಮೆಷಿನ್ ಇಲ್ಲ. ಅದನ್ನು ಮುಚ್ಚಿಟ್ಟರೆ ಆಡಿಟ್ ದಿನ ಹೊರಬರುತ್ತದೆ. ಮೊದಲೇ ಹೇಳಿದರೆ ಅವರು ಕೇಳುವುದು ಎರಡೇ ಪ್ರಶ್ನೆ: ಯಾರ ಹತ್ತಿರ ಮಾಡಿಸುತ್ತೀರಿ, ಹಾರ್ಡ್‌ನೆಸ್ ರಿಪೋರ್ಟ್ ಕೊಡುತ್ತೀರಾ?

ಕೊನೆಯಲ್ಲಿ ಒಂದು ಸಾಲು: "ಗೇರ್ ಕಟಿಂಗ್, ಫೋರ್ಜಿಂಗ್, 300 ಮಿಮೀಗಿಂತ ಉದ್ದದ ಶಾಫ್ಟ್ ನಾವು ಮಾಡುವುದಿಲ್ಲ." ಇದನ್ನು ಬರೆಯಲು ನನಗೆ ಹೊಟ್ಟೆ ಉರಿಯಿತು, ಬಂದ ಆರ್ಡರ್ ಬಿಡುವುದಾ ಅಂತ. ಆದರೆ ನಮಗೆ ಮೊದಲ ಉತ್ತರ ಬಂದಿದ್ದು ಈ ಸಾಲು ಹಾಕಿದ ಮೇಲೆ ಕಳಿಸಿದ ಪತ್ರಕ್ಕೇ.

ಪತ್ರ

ನಿಜದಲ್ಲಿ ಈ ಪತ್ರ ಇಂಗ್ಲಿಷ್‌ನಲ್ಲೇ ಹೋಗುತ್ತದೆ. ಒಳಗೆ ಏನಿರಬೇಕು ಅಂತ ತೋರಿಸಲು ಕನ್ನಡದಲ್ಲಿ ಕೊಡುತ್ತಿದ್ದೇನೆ. ಮೊಬೈಲ್‌ನಲ್ಲಿ ಒಂದೂವರೆ ಸ್ಕ್ರೀನ್ ದಾಟಬಾರದು.

> ವಿಷಯ: ವೆಂಡರ್ ನೋಂದಣಿ ಕೋರಿಕೆ – ಸಿಎನ್‌ಸಿ ಟರ್ನ್ಡ್ ಪಿನ್ ಮತ್ತು ಬುಷ್, 80 ಮಿಮೀವರೆಗೆ – ಪೀಣ್ಯ, ಬೆಂಗಳೂರು
>
> ಮಾನ್ಯರೇ,
>
> ಮೆಷಿನ್ಡ್ ಪಾರ್ಟ್ಸ್ ವಿಭಾಗದಲ್ಲಿ ನಮ್ಮನ್ನು ವೆಂಡರ್ ಆಗಿ ನೋಂದಾಯಿಸಿಕೊಳ್ಳಬೇಕೆಂದು ಕೋರುತ್ತೇವೆ. ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ್ದೇವೆ, ರೆಫರೆನ್ಸ್ ನಂಬರ್ ಇಂಥದ್ದು.
>
> ನಾವು ಇಎನ್8 ಮತ್ತು ಇಎನ್19 ಪಿನ್, ಗನ್‌ಮೆಟಲ್ ಬುಷ್ ಮತ್ತು ಸ್ಪೇಸರ್‌ಗಳನ್ನು ಮಾಡುತ್ತೇವೆ. ಮೂರು ಸಿಎನ್‌ಸಿ ಲೇತು ಇವೆ. ತಿಂಗಳಿಗೆ ಸುಮಾರು 300 ಲೇತು ಗಂಟೆ ಈಗ ಖಾಲಿ ಇದೆ.
>
> ಐಎಸ್‌ಒ 9001:2015 ಇದೆ, ಇಂಥ ತಿಂಗಳವರೆಗೆ ಅವಧಿ. ಉದ್ಯಮ್‌ನಲ್ಲಿ ಮೈಕ್ರೋ ತಯಾರಿಕಾ ಘಟಕ. ಕಚ್ಚಾ ವಸ್ತುವಿನ ಟೆಸ್ಟ್ ಸರ್ಟಿಫಿಕೇಟ್ ಮತ್ತು ಅಳತೆಯ ರಿಪೋರ್ಟ್ ಪ್ರತಿ ಲಾಟ್ ಜೊತೆ ಕೊಡುತ್ತೇವೆ.
>
> ಡ್ರಾಯಿಂಗ್ ಕಳಿಸಿದರೆ ಗೌಪ್ಯತೆ ಒಪ್ಪಂದಕ್ಕೆ ಸಹಿ ಹಾಕಿ, ಐದು ಕೆಲಸದ ದಿನದೊಳಗೆ ದರ ಕೊಡುತ್ತೇವೆ. ನಮ್ಮ ಶಾಪ್ ನೋಡಲು ಯಾವ ಕೆಲಸದ ದಿನವಾದರೂ ಬರಬಹುದು.
>
> ಜೊತೆಗಿರುವುದು: ಪ್ರೊಫೈಲ್ ಮತ್ತು ಉತ್ಪನ್ನ ಪಟ್ಟಿ, ಸರ್ಟಿಫಿಕೇಟ್‌ಗಳು, ತೆರಿಗೆ ಮತ್ತು ಬ್ಯಾಂಕ್ ದಾಖಲೆಗಳು.
>
> ಹೆಸರು, ಹುದ್ದೆ, ಮೊಬೈಲ್, ಪೂರ್ತಿ ವಿಳಾಸ

ವಿಷಯದ ಸಾಲಿನಲ್ಲೇ ವಸ್ತು, ಅಳತೆ, ಊರು ಮೂರೂ ಬಂತು. ಆರು ತಿಂಗಳ ನಂತರ ಬಯರ್‌ಗೆ ತುರ್ತು ಬಂದು ತನ್ನ ಮೇಲ್‌ಬಾಕ್ಸ್‌ನಲ್ಲಿ ಪಿನ್ ಅಂತ ಹುಡುಕಿದರೆ ನಿಮ್ಮದು ಸಿಗಬೇಕು, ಅದಕ್ಕೆ.

ಮೂರು ಪಿಡಿಎಫ್ ಸಾಕು, ಮೂರು ಮೇಜಿಗೆ ಮೂರು:

```
01_Profile_Products.pdf
02_Certificates.pdf
03_Tax_Bank.pdf
```

ಹೆಸರಿನ ಮುಂದೆ ನಿಮ್ಮ ಶಾಪ್ ಹೆಸರು ಸೇರಿಸಿ. ವಾಟ್ಸಾಪ್‌ನಿಂದ ಬಂದ ಓರೆ ಫೋಟೋ, ಬೆರಳು ಕಾಣುವ ಫೋಟೋ ಬೇಡ, ಸ್ಕ್ಯಾನ್ ಮಾಡಿ. ಮೂರನೇ ಫೈಲ್ ಅನ್ನು ಗೊತ್ತಿರುವ ಅಧಿಕೃತ ವಿಳಾಸಕ್ಕೆ ಮಾತ್ರ ಕಳಿಸಿ. ದೊಡ್ಡ ಕಂಪನಿಯ ಹೆಸರು ಹೇಳಿ, ಜಿಮೇಲ್‌ನಂಥ ವಿಳಾಸದಿಂದ "ನೋಂದಣಿಗೆ ವಾಪಸ್ ಬರುವ ಡಿಪಾಸಿಟ್ ಕಟ್ಟಿ" ಅಂತ ಬರೆಯುವವರು ಇದ್ದಾರೆ. ನಮ್ಮ ಪಕ್ಕದ ಶೆಡ್‌ನವರು ಕಟ್ಟಿ ಕಳಕೊಂಡರು. ಕಂಪನಿಯ ವೆಬ್‌ಸೈಟ್‌ನಲ್ಲಿರುವ ಫೋನ್‌ಗೆ ನೀವೇ ಕರೆ ಮಾಡಿ ಕೇಳದೆ ಒಂದು ರೂಪಾಯಿಯನ್ನೂ ಕಳಿಸಬೇಡಿ.

ಕಳಿಸಿ ಹತ್ತು ದಿನ ಆದ ಮೇಲೆ ಅದೇ ಮೇಲ್ ಮೇಲೆ ಎರಡು ಸಾಲು ಬರೆದು ಕೇಳಿ. ದಿನಾ ಫೋನ್ ಮಾಡಬೇಡಿ. ಸದ್ಯಕ್ಕೆ ಬೇಡ ಅಂದರೆ ಯಾವ ಸೈಜ್‌ನವು ಈಗ ಕಷ್ಟ ಆಗುತ್ತಿದೆ ಅಂತ ಕೇಳಿ ಇಟ್ಟುಕೊಳ್ಳಿ.

ಆಡಿಟ್ ದಿನ

ಉತ್ತರ ಬಂದರೆ ಮೊದಲು ಒಂದು ಸ್ವಯಂ ಮೌಲ್ಯಮಾಪನದ ಫಾರ್ಮ್ ಕಳಿಸುತ್ತಾರೆ, ಪ್ರಶ್ನೆಗೊಂದು ಅಂಕ. ಎಲ್ಲಕ್ಕೂ ಪೂರ್ತಿ ಅಂಕ ಹಾಕಿಕೊಳ್ಳಬೇಡಿ, ಅದನ್ನೇ ಹಿಡಿದುಕೊಂಡು ಶಾಪ್‌ಗೆ ಬರುತ್ತಾರೆ.

ನಮ್ಮಲ್ಲಿ ಬಂದ ಆಡಿಟರ್ ಕಚೇರಿಯಲ್ಲಿ ಕೂರಲೇ ಇಲ್ಲ. ಸೀದಾ ಇನ್‌ಸ್ಪೆಕ್ಷನ್ ಮೇಜಿಗೆ ಹೋಗಿ ಒಂದು ಪಿನ್ ಕೈಗೆತ್ತಿಕೊಂಡು "ಇದರ ಹೀಟ್ ನಂಬರ್ ಹೇಳಿ ಸರ್" ಅಂದರು. ಅಂದರೆ ಈ ಪಿನ್ ಯಾವ ಉಕ್ಕಿನ ಬ್ಯಾಚ್‌ನಿಂದ ಬಂತು, ಅದರ ಟೆಸ್ಟ್ ಸರ್ಟಿಫಿಕೇಟ್ ಯಾವುದು ಅಂತ. ನಮ್ಮ ರಾಡ್‌ಗಳ ತುದಿಗೆ ಬಣ್ಣ ಬಳಿದು ಗುರುತು ಮಾಡುತ್ತಿದ್ದೆವು, ಇಎನ್8ಗೆ ಹಳದಿ, ಇಎನ್19ಕ್ಕೆ ನೀಲಿ. ರ‍್ಯಾಕ್ ಹತ್ತಿರ ಹೋಗಿ ನೋಡಿದರೆ ಅರ್ಧ ಉಳಿದ ರಾಡ್‌ಗೆ ಬಣ್ಣವೇ ಇಲ್ಲ. ಹುಡುಗರು ಬಣ್ಣ ಬಳಿದ ತುದಿಯಿಂದಲೇ ಕತ್ತರಿಸಲು ಶುರು ಮಾಡಿದ್ದರು. ಬಣ್ಣ ಮೊದಲ ಪೀಸ್ ಜೊತೆ ಹೊರಟುಹೋಗಿತ್ತು. ಅವತ್ತಿನಿಂದ ಬಣ್ಣದ ತುದಿ ಕೊನೆಗೆ, ಇನ್ನೊಂದು ತುದಿಯಿಂದ ಕತ್ತರಿಸುವುದು, ಹೀಟ್ ನಂಬರ್ ಬರೆದ ಟ್ಯಾಗ್ ಟ್ರೇ ಜೊತೆಗೇ ಹೋಗುವುದು ಅಂತ ಮಾಡಿದೆವು.

ಇನ್ನೊಂದು, ಆಪರೇಟರ್ ಜೇಬಿನಲ್ಲಿದ್ದ ಸ್ವಂತ ವರ್ನಿಯರ್. ಪಟ್ಟಿಯಲ್ಲಿ ಇರುವ ಉಪಕರಣಗಳಿಗೆಲ್ಲ ಕ್ಯಾಲಿಬ್ರೇಶನ್ ಸ್ಟಿಕ್ಕರ್ ಇತ್ತು, ಇದಕ್ಕೆ ಇರಲಿಲ್ಲ. ಪಟ್ಟಿಯಲ್ಲೇ ಇಲ್ಲದ್ದು ಶಾಪ್‌ನಲ್ಲಿ ಇರಬಾರದು. ಹಾಗೇ ರಿಜೆಕ್ಟ್ ಆದ ಪೀಸ್‌ಗಳಿಗೆ ಬೀಗ ಹಾಕುವ ಕೆಂಪು ಡಬ್ಬ ಬೇಕು, ಒಳ್ಳೆ ಪೀಸ್ ಪಕ್ಕದಲ್ಲಿ ಗೋಣಿಚೀಲದಲ್ಲಿ ಇಟ್ಟರೆ ನಡೆಯಲ್ಲ.

ಕೊನೆಗೆ ತಪ್ಪುಗಳ ಪಟ್ಟಿ ಕೊಟ್ಟು ಉತ್ತರಕ್ಕೆ ದಿನ ಗೊತ್ತು ಮಾಡುತ್ತಾರೆ. "ಸರಿ ಮಾಡಿದ್ದೇವೆ" ಅಂತ ಬರೆದು ಕಳಿಸಿದರೆ ಮುಗಿಯಲ್ಲ. ಯಾಕೆ ಹಾಗಾಯಿತು, ಮತ್ತೆ ಆಗದಂತೆ ಏನು ಬದಲಾಯಿಸಿದಿರಿ, ಮೊದಲಿನ ಫೋಟೋ, ಈಗಿನ ಫೋಟೋ, ಇಷ್ಟೂ ಇರಬೇಕು. ನಾವು ಕತ್ತರಿಸುವ ಹುಡುಗ ರಾಡ್ ಹಿಡಿದಿರುವ ಫೋಟೋವನ್ನೇ ಕಳಿಸಿದ್ದೆವು.

ನಂತರ ಸ್ಯಾಂಪಲ್. ಒಂದು ಡ್ರಾಯಿಂಗ್ ಕೊಟ್ಟು ಐದು ಪೀಸ್ ಕೇಳಿದರು. ಡ್ರಾಯಿಂಗ್‌ನ ಪ್ರತಿ ಅಳತೆಗೂ ಸುತ್ತು ಹಾಕಿ ನಂಬರ್ ಕೊಡಬೇಕು, ಆ ನಂಬರ್ ಪ್ರಕಾರ ಐದೂ ಪೀಸ್‌ನ ಅಳತೆಯನ್ನು ರಿಪೋರ್ಟ್‌ನಲ್ಲಿ ತುಂಬಬೇಕು. "ಓಕೆ" ಅಂತ ಬರೆಯುವಂತಿಲ್ಲ, ಬಂದ ಅಂಕಿಯೇ ಬೇಕು. ಐದಕ್ಕೂ 24.98 ಅಂತ ಒಂದೇ ಅಂಕಿ ತುಂಬಿದರೆ ಅಳೆಯದೆ ಬರೆದಿದ್ದೀರಿ ಅಂತ ನೋಡಿದವರಿಗೆ ಗೊತ್ತಾಗುತ್ತದೆ. ಅವರು ತಮ್ಮ ಲ್ಯಾಬ್‌ನಲ್ಲಿ ಮತ್ತೆ ಅಳೆದು ತಾಳೆ ನೋಡುತ್ತಾರೆ.

ಅದು ಪಾಸಾದ ಮೇಲೆ ವೆಂಡರ್ ಕೋಡ್ ಬಂತು. ಕೋಡ್ ಬಂದ ಕೂಡಲೇ ಆರ್ಡರ್ ಬರುತ್ತದೆ ಅಂದುಕೊಂಡು ಹೊಸ ಲೇತಿಗೆ ಸಾಲ ತಗೊಳ್ಳಬೇಡಿ. ಕೋಡ್ ಅಂದರೆ ನಿಮಗೆ ಎನ್‌ಕ್ವೈರಿ ಕಳಿಸಬಹುದು ಅಂತ ಅಷ್ಟೇ. ನಮಗೆ ಬಂದ ಮೊದಲ ಮೂರು ಎನ್‌ಕ್ವೈರಿಯಲ್ಲಿ ಎರಡು 450 ಮಿಮೀ ಉದ್ದದ ಶಾಫ್ಟ್. ನಮ್ಮ ಲೇತಿನಲ್ಲಿ ಆಗದು. ಉತ್ತರ ಕೊಡದೆ ಬಿಡೋಣ ಅಂತಿದ್ದೆ, ಆ ಟೀ ಕುಡಿಸಿದ ಮ್ಯಾನೇಜರ್ ಬೇಡ ಅಂದರು. ಕೊನೆಯ ದಿನಾಂಕದ ಒಳಗೆ "ರಿಗ್ರೆಟ್, ಉದ್ದ ನಮ್ಮ ಮಿತಿ ಮೀರಿದೆ" ಅಂತ ಒಂದು ಸಾಲು ಕಳಿಸಬೇಕಂತೆ. ಸುಮ್ಮನಿರುವ ವೆಂಡರ್‌ನ ಕೋಡ್ ಅನ್ನು ಸಿಸ್ಟಮ್‌ನಲ್ಲಿ ಬ್ಲಾಕ್ ಮಾಡಿಬಿಡುತ್ತಾರಂತೆ. ಎರಡಕ್ಕೂ ರಿಗ್ರೆಟ್ ಬರೆದೆ. ಮೂರನೆಯದು 32 ಮಿಮೀ ಪಿನ್, 200 ಪೀಸ್, ಟ್ರಯಲ್ ಆರ್ಡರ್. ಅದನ್ನು ಇಎನ್8ನಲ್ಲಿ ಮಾಡಿ ಕೊಟ್ಟೆವು.